ಕ್ಯಾಶ್‌ಲೆಸ್ ಇಲ್ಲ ಅಂದ ಆಸ್ಪತ್ರೆ, ಇಷ್ಟೇ ಕೊಡೋದು ಅಂದ ಕಂಪನಿ: ಅಣ್ಣನ ಕ್ಲೇಮ್ ಪ್ರಕರಣ

2025ರ ಜೂನ್ 14, ಶನಿವಾರ. ರಾತ್ರಿ ಒಂಬತ್ತೂವರೆಗೆ ಅತ್ತಿಗೆ ಫೋನ್ ಮಾಡಿದರು. ಅಣ್ಣನಿಗೆ ಎರಡು ದಿನದಿಂದ ಹೊಟ್ಟೆಯ ಬಲಗಡೆ ಮೇಲ್ಭಾಗದಲ್ಲಿ ನೋವಿತ್ತು. ಗುರುವಾರ ಮನೆ ಹತ್ತಿರವೇ ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲು ಕಂಡಿತ್ತು, "ಎಣ್ಣೆ ಪದಾರ್ಥ ಬಿಟ್ರೆ ಸರಿಹೋಗುತ್ತೆ" ಅಂತ ಇವನೇ ತೀರ್ಮಾನ ಮಾಡಿ ಸುಮ್ನೆ ಕೂತಿದ್ದ. ಈಗ ಚಳಿಜ್ವರ, ವಾಂತಿ. ಮೈಸೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಅದೇ ಆಸ್ಪತ್ರೆ ಯಾಕೆ ಅಂದರೆ ವಿಮಾ ಕಂಪನಿಯ ಆ್ಯಪ್‌ನಲ್ಲಿ ಅದು ನೆಟ್‌ವರ್ಕ್ ಆಸ್ಪತ್ರೆ ಅಂತ ಇತ್ತು, ಅಂದರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ ಕ್ಯಾಶ್‌ಲೆಸ್ ಒಪ್ಪಂದ ಇರುವ ಆಸ್ಪತ್ರೆ. ಪಾಲಿಸಿ ಐದು ಲಕ್ಷದ್ದು, ಆರನೇ ವರ್ಷ ನಡೀತಿತ್ತು. ಪಿತ್ತಕೋಶದ ಕಲ್ಲಿಗೆ ಇದ್ದ ಎರಡು ವರ್ಷದ ಕಾಯುವ ಅವಧಿ ಎಂದೋ ಮುಗಿದಿತ್ತು. ಒಬ್ಬರೇ ಇರುವ ರೂಮಿಗೆ ಬಾಡಿಗೆ ಮಿತಿಯೂ ಇರಲಿಲ್ಲ. ಅಂದರೆ ಕಾಗದದ ಮೇಲೆ ಯಾವ ತಕರಾರೂ ಬರಬಾರದ ಕೇಸ್ ಇದು.

ನಾನು ತಲುಪುವಷ್ಟರಲ್ಲಿ ಹತ್ತೂವರೆ. ಅಣ್ಣ ಎಮರ್ಜೆನ್ಸಿಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದ. ಇನ್ಶೂರೆನ್ಸ್ ಡೆಸ್ಕ್‌ನಲ್ಲಿದ್ದ ಹುಡುಗಿ ಕಾರ್ಡ್ ನೋಡಿದ ತಕ್ಷಣ ತಲೆ ಅಲ್ಲಾಡಿಸಿದಳು. "ಸರ್, ಈ ಕಂಪನಿಗೆ ಈಗ ಕ್ಯಾಶ್‌ಲೆಸ್ ನಿಲ್ಲಿಸಿದ್ದೀವಿ. ರೇಟ್ ವಿಷಯ ಇನ್ನೂ ಸೆಟ್ಲ್ ಆಗಿಲ್ಲ. ನೀವು ಕಟ್ಟಿ, ಆಮೇಲೆ ರಿಇಂಬರ್ಸ್‌ಮೆಂಟ್ ತಗೊಳ್ಳಿ, ಫುಲ್ ಬರುತ್ತೆ."

"ನಿಲ್ಲಿಸಿದ್ದೀವಿ ಅಂತ ಬರೆದುಕೊಡಿ ಮೇಡಂ" ಅಂದೆ. "ಬರೆದು ಕೊಡೋಕೆ ನಮಗೆ ಪರ್ಮಿಷನ್ ಇಲ್ಲ ಸರ್."

ಇಲ್ಲಿ ಒಂದು ವಿಷಯ ಹೇಳಲೇಬೇಕು. ಕ್ಯಾಶ್‌ಲೆಸ್ ಸಿಗದೇ ಹೋಗೋದು ಎರಡು ಥರ. ಒಂದು, ಆಸ್ಪತ್ರೆ ಕಂಪನಿಗೆ ಪ್ರೀ-ಆಥ್, ಅಂದರೆ ಚಿಕಿತ್ಸೆಯ ಖರ್ಚಿಗೆ ಮೊದಲೇ ಒಪ್ಪಿಗೆ ಕೇಳುವ ಅರ್ಜಿ ಕಳಿಸುತ್ತೆ, ಕಂಪನಿ ಬೇಡ ಅನ್ನುತ್ತೆ. ಆಗ ಕಂಪನಿಯ ಕಾರಣ ಲಿಖಿತವಾಗಿ ಸಿಗುತ್ತೆ. ಇನ್ನೊಂದು ನಮಗಾದ ಥರ: ಆಸ್ಪತ್ರೆ ಅರ್ಜಿಯನ್ನೇ ಕಳಿಸೋದಿಲ್ಲ. ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು ಅಂತ ವಿಮಾ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐ 2024ರ ಮೇ ತಿಂಗಳ ಸುತ್ತೋಲೆಯಲ್ಲಿ ಹೇಳಿದೆ ನಿಜ, ಆದರೆ ಅರ್ಜಿಯೇ ಹೋಗದಿದ್ದರೆ ಆ ಗಡಿಯಾರ ಶುರುವಾಗೋದೇ ಇಲ್ಲ. ಕಂಪನಿಯ ದಾಖಲೆಯಲ್ಲಿ ಆ ರಾತ್ರಿ ಏನೂ ನಡೆದಿಲ್ಲ. ಆಮೇಲೆ ನೀವು ಕ್ಲೇಮ್ ಕಳಿಸಿದಾಗ, ನೆಟ್‌ವರ್ಕ್ ಆಸ್ಪತ್ರೆಗೆ ಹೋಗಿ ತಾನಾಗಿಯೇ ದುಡ್ಡು ಕಟ್ಟಿದ ಮನುಷ್ಯನ ಹಾಗೆ ಕಾಣಿಸ್ತೀರಿ. ಹಾಗಾಗಿ ಆ ರಾತ್ರಿ ನಡೆದದ್ದಕ್ಕೆ ಸಾಕ್ಷಿ ನೀವೇ ಹುಟ್ಟಿಸಬೇಕು.

ನಾನು ಡೆಸ್ಕ್ ಎದುರಿನ ಕುರ್ಚಿಯಲ್ಲಿ ಕೂತು ಮೊದಲು ಮಾಡಿದ್ದು ಆ್ಯಪ್ ತೆಗೆದು, ಮೈಸೂರು ಅಂತ ಹುಡುಕಿ, ಆಸ್ಪತ್ರೆಯ ಹೆಸರಿನ ಕೆಳಗೆ ‘ಕ್ಯಾಶ್‌ಲೆಸ್ ಲಭ್ಯ’ ಅಂತ ಇದ್ದದ್ದರ ಸ್ಕ್ರೀನ್‌ಶಾಟ್ ತೆಗೆದದ್ದು. ಫೋನಿನ ಮೇಲ್ಗಡೆ ಸಮಯವೂ ಬಂತು, ರಾತ್ರಿ 10.52. ಆಮೇಲೆ ಕಂಪನಿಯ ಸಹಾಯವಾಣಿಗೆ ಫೋನ್. ಹದಿನೆಂಟು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬರು ಸಿಕ್ಕರು. ಅವರ ಹತ್ತಿರ ಎರಡೇ ಕೆಲಸ ಇತ್ತು: ದಾಖಲಾತಿಯ ಮಾಹಿತಿ ನೋಂದಾಯಿಸಿ ನಂಬರ್ ಕೊಡಿ, ಮತ್ತು ಆಸ್ಪತ್ರೆ ಕ್ಯಾಶ್‌ಲೆಸ್ ಕೊಡ್ತಿಲ್ಲ ಅಂತ ದೂರು ನೋಂದಾಯಿಸಿ ಬೇರೆ ನಂಬರ್ ಕೊಡಿ. ಎರಡನೇದಕ್ಕೆ ಅವರು ಸ್ವಲ್ಪ ಹಿಂದೇಟು ಹಾಕಿದರು, ಮೊದಲನೇ ನಂಬರೇ ಸಾಕು ಅಂದರು. ಸಾಕಾಗೋದಿಲ್ಲ. ಮೊದಲನೇದು ಅಣ್ಣ ಆಸ್ಪತ್ರೆ ಸೇರಿದ ಅಂತ ಮಾತ್ರ ಹೇಳುತ್ತೆ. ತುರ್ತು ದಾಖಲಾತಿಯನ್ನು 24 ಗಂಟೆಯೊಳಗೆ ತಿಳಿಸಬೇಕು ಅನ್ನೋ ಷರತ್ತು ಬಹಳ ಪಾಲಿಸಿಗಳಲ್ಲಿದೆ, ಅದಕ್ಕೆ ಅದು ಬೇಕು. ಕ್ಯಾಶ್‌ಲೆಸ್ ಯಾಕೆ ಆಗಲಿಲ್ಲ ಅನ್ನೋದನ್ನು ಎರಡನೇ ನಂಬರ್ ಹೇಳುತ್ತೆ.

ಕೊನೆಗೆ ಒಂದು ಇಮೇಲ್. ಕಂಪನಿಗೆ ಕಳಿಸಿ, ಆಸ್ಪತ್ರೆಯ ಇನ್ಶೂರೆನ್ಸ್ ವಿಭಾಗಕ್ಕೂ ಪ್ರತಿ ಹಾಕಿದೆ. ನಾಲ್ಕೇ ಸಾಲು: ಇಂಥ ಪಾಲಿಸಿಯ ರೋಗಿ ಇಷ್ಟು ಹೊತ್ತಿಗೆ ದಾಖಲಾಗಿದ್ದಾರೆ, ನಿಮ್ಮ ಪಟ್ಟಿಯಲ್ಲಿ ಈ ಆಸ್ಪತ್ರೆ ಇದೆ, ದರದ ವಿವಾದ ಅಂತ ಹೇಳಿ ಡೆಸ್ಕ್‌ನವರು ಪ್ರೀ-ಆಥ್ ಕಳಿಸಲು ಒಪ್ಪುತ್ತಿಲ್ಲ, ದಯವಿಟ್ಟು ಇಬ್ಬರೂ ಮಾತಾಡಿ ಕ್ಯಾಶ್‌ಲೆಸ್ ಕೊಡಿಸಿ, ಇಲ್ಲದಿದ್ದರೆ ನಾವು ಬೇರೆ ದಾರಿಯಿಲ್ಲದೆ ಕಟ್ಟಬೇಕಾಗುತ್ತೆ. ಆಸ್ಪತ್ರೆ ಉತ್ತರ ಕೊಡಲಿಲ್ಲ. ಆದರೆ ನೀವು ಹೇಳಿದ್ದು ಸುಳ್ಳು ಅಂತಲೂ ಬರೆಯಲಿಲ್ಲ, ನಮಗೆ ಅಷ್ಟು ಸಾಕಿತ್ತು.

ಇಷ್ಟೆಲ್ಲಾ ಮಾಡಿ ನಾನು ಜಾಣ ಅಂದುಕೊಂಡಿದ್ದೆ. ಬೆಳಿಗ್ಗೆ ಫೈಲ್ ನೋಡಿದರೆ, ನಾನು ಬರೋಕೆ ಮುಂಚೆಯೇ ಅತ್ತಿಗೆ ಒಂದು ಕಾಗದಕ್ಕೆ ಸಹಿ ಹಾಕಿದ್ದರು. ಅಡ್ಮಿಷನ್ ಫಾರಂಗಳ ಜೊತೆ ಸೇರಿಸಿಟ್ಟ ಒಂದು ಅಚ್ಚಾದ ಹಾಳೆ. ಅದರಲ್ಲಿ, ರೋಗಿಯ ಕಡೆಯವರು ಸ್ವಇಚ್ಛೆಯಿಂದ ಕ್ಯಾಶ್‌ಲೆಸ್ ಸೌಲಭ್ಯ ಬಿಟ್ಟು ನೇರ ಪಾವತಿ ಆರಿಸಿಕೊಂಡಿದ್ದಾರೆ ಅಂತ ಇತ್ತು. ಗಂಡ ನೋವಿನಲ್ಲಿ ಒದ್ದಾಡುವಾಗ "ಇಲ್ಲಿ, ಇಲ್ಲಿ, ಇಲ್ಲಿ ಸೈನ್ ಮಾಡಿ ಮೇಡಂ" ಅಂದರೆ ಯಾರು ತಾನೇ ಓದ್ತಾರೆ? ನಾನು ಅತ್ತಿಗೆಗೆ ಏನೂ ಅನ್ನಲಿಲ್ಲ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಅದೇ ಇಮೇಲ್‌ಗೆ ಮುಂದುವರಿಸಿ ಇನ್ನೆರಡು ಸಾಲು ಬರೆದೆ: ಈ ಹಾಳೆಗೆ ಸಹಿ ಹಾಕಿದ್ದು ನಿಜ, ಕ್ಯಾಶ್‌ಲೆಸ್ ಸಿಗೋದಿಲ್ಲ ಅಂತ ಹೇಳಿದ ಮೇಲೆ ದಾಖಲಾತಿ ನಿಲ್ಲಬಾರದು ಅಂತ ಹಾಕಿದ್ದು, ಇದು ನಮ್ಮ ಇಚ್ಛೆಯಲ್ಲ. ಗಂಟೆಗಳ ಲೆಕ್ಕದಲ್ಲಿ ಬರೆದದ್ದಕ್ಕೆ ಬೆಲೆ ಇದೆ. ಒಂದು ತಿಂಗಳಾದ ಮೇಲೆ ಇದೇ ಮಾತು ಬರೆದರೆ ಸಬೂಬಿನ ಹಾಗೆ ಕಾಣುತ್ತೆ.

ಸೋಮವಾರ ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆದರು. ಬುಧವಾರ, 18ಕ್ಕೆ ಡಿಸ್ಚಾರ್ಜ್. ಬಿಲ್ 1,86,420 ರೂಪಾಯಿ.

ಕಟ್ಟುವ ಮುಂಚೆ ಬಿಲ್ಲಿಂಗ್‌ನವರ ಹತ್ತಿರ ಒಂದು ಮಾತು ಕೇಳಿದ್ದೆ. ಕ್ಯಾಶ್‌ಲೆಸ್ ಬೇಡ ಬಿಡಿ, ಕಂಪನಿ ಜೊತೆ ನೀವು ಒಪ್ಪಿಕೊಂಡ ದರದಲ್ಲೇ ಬಿಲ್ ಮಾಡಿ ಅಂತ. ಆಸ್ಪತ್ರೆ-ಕಂಪನಿ ಒಪ್ಪಂದಗಳಲ್ಲಿ ಕೆಲವು, ದುಡ್ಡು ಕಟ್ಟಿ ಹೋಗುವ ಪಾಲಿಸಿದಾರರಿಗೂ ಅದೇ ದರ ಹಾಕಬೇಕು ಅನ್ನುತ್ತವೆ. "ಆ ರೇಟ್ ಈಗ ಇಲ್ಲ ಸರ್" ಅಂದರು. ಇದನ್ನು ಬಾಯಲ್ಲಿ ಕೇಳಿ ಬಿಟ್ಟದ್ದು ನನ್ನ ತಪ್ಪು. ಇದೂ ಇಮೇಲ್‌ನಲ್ಲಿ ಇರಬೇಕಿತ್ತು. ಆಮೇಲೆ ಇಡೀ ಜಗಳ ನಿಂತದ್ದು ಇದೇ ದರದ ಮೇಲೆ. ಒಂದು ಕೆಲಸ ಮಾತ್ರ ಅದೃಷ್ಟಕ್ಕೆ ಮಾಡಿದ್ದೆ. ಬಿಲ್ಲಿಂಗ್ ಕೌಂಟರ್ ಪಕ್ಕದ ಗೋಡೆಯಲ್ಲಿ ದರಪಟ್ಟಿಯ ಬೋರ್ಡ್ ಇತ್ತು. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳು ಕೆಪಿಎಂಇ ಕಾಯ್ದೆ ಪ್ರಕಾರ ತಮ್ಮ ದರಗಳನ್ನು ಜನಕ್ಕೆ ಕಾಣುವ ಹಾಗೆ ಹಾಕಬೇಕು. ಸರದಿಯಲ್ಲಿ ನಿಂತು ಬೇಜಾರಾಗಿ ಅದರ ಫೋಟೋ ತೆಗೆದಿದ್ದೆ. ಗಾಜಿನ ಮೇಲೆ ಟ್ಯೂಬ್‌ಲೈಟ್ ಹೊಳೆದು ಅರ್ಧ ಬೋರ್ಡ್ ಬೆಳ್ಳಗಾಗಿತ್ತು, ಆದರೆ ಶಸ್ತ್ರಚಿಕಿತ್ಸೆಯ ಸಾಲು ಓದೋಕೆ ಬರ್ತಿತ್ತು.

ದುಡ್ಡನ್ನು ಅಣ್ಣನ ಡೆಬಿಟ್ ಕಾರ್ಡ್‌ನಲ್ಲಿ ಕಟ್ಟಿದೆವು. ನಗದು ಬೇಡ. ಎರಡು ಲಕ್ಷ ಮುಟ್ಟಿದರೆ ನಗದಾಗಿ ತಗೊಳ್ಳೋಕೆ ಆದಾಯ ತೆರಿಗೆ ಕಾನೂನೇ ಬಿಡೋದಿಲ್ಲ, ಅದಕ್ಕಿಂತ ಕಡಿಮೆ ಇದ್ದರೂ ಬ್ಯಾಂಕ್ ದಾಖಲೆ ಇದ್ದರೆ ರಸೀದಿ ಬಗ್ಗೆ ಪ್ರಶ್ನೆ ಬರೋದಿಲ್ಲ.

ಕಾಗದಪತ್ರದಲ್ಲಿ ಎಲ್ಲರಿಗೂ ಗೊತ್ತಿರುವುದನ್ನು ಉದ್ದ ಮಾಡೋದಿಲ್ಲ: ಡಿಸ್ಚಾರ್ಜ್ ಸಾರಾಂಶ, ರಸೀದಿ, ಔಷಧಿ ಚೀಟಿ ಮತ್ತು ಅದರ ಬಿಲ್, ಲ್ಯಾಬ್ ವರದಿ, ರದ್ದು ಮಾಡಿದ ಚೆಕ್, ಗುರುತಿನ ಚೀಟಿ. ಜನ ಎಡವೋದು ಬೇರೆ ಮೂರು ಕಡೆ. ಕ್ಲೇಮ್ ಫಾರಂನ ‘ಎ’ ಭಾಗ ನಮ್ಮದು, ‘ಬಿ’ ಭಾಗ ಆಸ್ಪತ್ರೆ ತುಂಬಿ ಸೀಲ್ ಹಾಕಬೇಕಾದ್ದು. "ನೀವು ಕ್ಯಾಶ್ ಪೇಷಂಟ್, ನಾವು ತುಂಬಲ್ಲ" ಅಂದರು. ಡಿಸ್ಚಾರ್ಜ್ ದಿನವೇ ಬಿಡದೆ ಕೂತು ತುಂಬಿಸಿಕೊಂಡೆ, ಊರಿಗೆ ಹೋದ ಮೇಲೆ ಈ ಒಂದು ಹಾಳೆಗಾಗಿ ಮೂರು ಸಲ ಓಡಾಡಬೇಕಾಗುತ್ತೆ. ಎರಡನೇದು ಬಿಲ್‌ನ ವಿವರ. ‘ಶಸ್ತ್ರಚಿಕಿತ್ಸೆ ಪ್ಯಾಕೇಜ್’ ಅಂತ ಒಂದೇ ಸಾಲು ಇದ್ದರೆ ಕಡಿತ ಮಾಡೋಕೆ ಅವರಿಗೆ ಸುಲಭ, ವಾದ ಮಾಡೋಕೆ ನಮಗೆ ಕಷ್ಟ. ನಮ್ಮದರಲ್ಲಿ ರೂಮ್ 18,000, ಸರ್ಜನ್, ಅರಿವಳಿಕೆ, ಥಿಯೇಟರ್ ಸೇರಿ 92,000, ಔಷಧಿ 38,420, ಪರೀಕ್ಷೆಗಳು 21,000, ನರ್ಸಿಂಗ್ 9,000, ಚಿಲ್ಲರೆ ಸಾಮಾನು ಮತ್ತು ಇತರೆ 8,000 ಅಂತ ಬಿಡಿಸಿ ಬಂತು. ಮೂರನೇದು ತೆಗೆದ ಪಿತ್ತಕೋಶದ ಬಯಾಪ್ಸಿ ವರದಿ. ಅದು ಡಿಸ್ಚಾರ್ಜ್ ಆಗಿ ಒಂದು ವಾರಕ್ಕೆ ಬಂತು. ಅದಿಲ್ಲದೆ ಕಳಿಸಿದರೆ ‘ಕೊರತೆ ಇದೆ’ ಅಂತ ಪತ್ರ ಬರುತ್ತೆ.

ಡಿಸ್ಚಾರ್ಜ್ ಆಗಿ 30 ದಿನದೊಳಗೆ ಕಳಿಸಬೇಕು ಅಂತ ಪಾಲಿಸಿಯಲ್ಲಿತ್ತು. ಜುಲೈ 4ಕ್ಕೆ ಕಳಿಸಿದೆ, ಒಂದೊಂದು ಹಾಳೆಯನ್ನೂ ಸ್ಕ್ಯಾನ್ ಮಾಡಿಟ್ಟುಕೊಂಡು. ಆಸ್ಪತ್ರೆಗೆ ಮುಂಚಿನ ಸ್ಕ್ಯಾನ್ ಮತ್ತು ಡಾಕ್ಟರ್ ಖರ್ಚು 3,150 ಸೇರಿ ಒಟ್ಟು 1,89,570. ಡಿಸ್ಚಾರ್ಜ್ ನಂತರದ ಔಷಧಿ ಖರ್ಚನ್ನು ಆಮೇಲೆ ಬೇರೆಯಾಗಿ ಕಳಿಸಿದೆವು, ಅದು ತಕರಾರಿಲ್ಲದೆ ಬಂತು.

ಜುಲೈ 11ಕ್ಕೆ ಮೊದಲ ಪ್ರಶ್ನೆ. ನೆಟ್‌ವರ್ಕ್ ಆಸ್ಪತ್ರೆಯಾಗಿದ್ದರೂ ಕ್ಯಾಶ್‌ಲೆಸ್ ಬಳಸಿಲ್ಲ ಯಾಕೆ? ರೋಗಿಯ ಕಡೆಯವರು ಸ್ವಇಚ್ಛೆಯಿಂದ ನೇರ ಪಾವತಿ ಆರಿಸಿದ್ದಾರೆ ಅಂತ ಆಸ್ಪತ್ರೆ ತಿಳಿಸಿದೆ. ಹೌದು, ಅದೇ ಹಾಳೆ! ಬೇರೆ ವಿವರಣೆ ಬರೆಯಲೇ ಇಲ್ಲ. ಸ್ಕ್ರೀನ್‌ಶಾಟ್, ದೂರಿನ ನಂಬರ್, ಶನಿವಾರದ ಇಮೇಲ್, ಭಾನುವಾರದ ಇಮೇಲ್, ನಾಲ್ಕನ್ನೂ ಸಮಯದ ಕ್ರಮದಲ್ಲಿ ಜೋಡಿಸಿ ಕಳಿಸಿದೆ. ಆ ಪ್ರಶ್ನೆ ಮತ್ತೆ ಬರಲಿಲ್ಲ.

ಜುಲೈ 29ಕ್ಕೆ ಅಣ್ಣನ ಖಾತೆಗೆ 98,150 ಬಂತು. ಅಣ್ಣನಿಗೆ ಖುಷಿ. "ಪರವಾಗಿಲ್ವೋ, ಅರ್ಧಕ್ಕಿಂತ ಜಾಸ್ತಿ ಬಂತಲ್ಲ" ಅಂದ. ನಾನು ಕಡಿತದ ಪಟ್ಟಿ ತರಿಸಿಕೊಂಡೆ. ಕೈಗವಸು, ದಾಖಲಾತಿ ಶುಲ್ಕ, ಅಂಥ ಕೊಡಲಾಗದ ಸಾಮಾನುಗಳಿಗೆ 7,260. ಇದಕ್ಕೆ ಜಗಳ ಆಡಿ ಪ್ರಯೋಜನ ಇಲ್ಲ, ಅಂಥವುಗಳ ಪಟ್ಟಿ ಪಾಲಿಸಿಯ ಹಿಂದೆಯೇ ಇರುತ್ತೆ. ಉಳಿದ 84,160ಕ್ಕೆ ಒಂದೇ ಕಾರಣ: ಈ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಯ ಜೊತೆ ಒಪ್ಪಿದ ಪ್ಯಾಕೇಜ್ 95,000, ಅದಕ್ಕಿಂತ ಹೆಚ್ಚಿನದು ‘ಸಮಂಜಸ ಮತ್ತು ರೂಢಿಯ ದರ’ಕ್ಕಿಂತ ಜಾಸ್ತಿ.

ಯೋಚಿಸಿ ನೋಡಿ. ಆ ಪ್ಯಾಕೇಜ್ ದರ ಸಾಲೋದಿಲ್ಲ ಅಂತಲೇ ಆಸ್ಪತ್ರೆ ಕ್ಯಾಶ್‌ಲೆಸ್ ನಿಲ್ಲಿಸಿದ್ದು. ಆಸ್ಪತ್ರೆ ಒಪ್ಪದ ದರವನ್ನೇ ಹಿಡಿದು ಕಂಪನಿ ರೋಗಿಗೆ ದುಡ್ಡು ಕೊಟ್ಟಿತು. ಅವರಿಬ್ಬರ ಜಗಳದ ವ್ಯತ್ಯಾಸ ಅಣ್ಣನ ಜೇಬಿಂದ ಹೋಯಿತು.

ಈಗ ಮಾಡಬೇಕಾದ್ದು ಒಂದೇ, ಪಾಲಿಸಿಯ ಪುಸ್ತಕ ತೆಗೆದು ಆ ಪದದ ಅರ್ಥ ಓದೋದು. ‘ಸಮಂಜಸ ಮತ್ತು ರೂಢಿಯ ದರ’ ಅನ್ನೋದಕ್ಕೆ ಐಆರ್‌ಡಿಎಐ ಕೊಟ್ಟ ಪ್ರಮಾಣಿತ ವ್ಯಾಖ್ಯೆ ಇದೆ. ಸಾರಾಂಶ ಹೀಗೆ: ಆ ನಿರ್ದಿಷ್ಟ ಆಸ್ಪತ್ರೆ ಸಾಮಾನ್ಯವಾಗಿ ವಿಧಿಸುವ ದರ, ಮತ್ತು ಆ ಪ್ರದೇಶದಲ್ಲಿ ಅದೇ ಥರದ ಸೇವೆಗೆ ನಡೆಯುವ ದರಕ್ಕೆ ಹೊಂದುವಂಥದ್ದು, ಕಾಯಿಲೆಯ ಸ್ವರೂಪವನ್ನೂ ಗಮನದಲ್ಲಿಟ್ಟು. ಇಲ್ಲಿ ‘ಕಂಪನಿ ಒಪ್ಪಿದ ಪ್ಯಾಕೇಜ್’ ಅನ್ನೋ ಮಾತೇ ಇಲ್ಲ. ಆದರೆ ಎಚ್ಚರ. ಕೆಲವು ಪಾಲಿಸಿಗಳಲ್ಲಿ ಇದರ ಕೆಳಗೆ, ನೆಟ್‌ವರ್ಕ್ ಆಸ್ಪತ್ರೆಯಾದರೆ ಮೊದಲೇ ಒಪ್ಪಿದ ದರವೇ ಸಮಂಜಸ ದರ ಅಂತ ಒಂದು ಸಾಲು ಸೇರಿಸಿರುತ್ತಾರೆ. ಆ ಸಾಲಿದ್ದರೆ ನಮ್ಮ ವಾದ ಬಹಳ ತೆಳುವಾಗುತ್ತೆ. ಅಣ್ಣನ ಪಾಲಿಸಿಯಲ್ಲಿ ಆ ಸಾಲು ಇರಲಿಲ್ಲ. ಮೂರು ಸಲ ಹುಡುಕಿದೆ.

ವ್ಯಾಖ್ಯೆಯಲ್ಲಿ ಎರಡು ತುಂಡಿದೆ, ಎರಡಕ್ಕೂ ಪುರಾವೆ ಬೇಕು. ಮೊದಲನೇದಕ್ಕೆ, ಅಂದರೆ ಆಸ್ಪತ್ರೆಯ ಸಾಮಾನ್ಯ ದರಕ್ಕೆ, ಗೋಡೆಯ ಬೋರ್ಡಿನ ಫೋಟೋ ಇತ್ತು. ಅಣ್ಣನಿಗೆ ಹಾಕಿದ್ದು ಎಲ್ಲರಿಗೂ ಹಾಕುವ ದರವೇ. ಎರಡನೇದಕ್ಕೆ ಮೈಸೂರಿನ ಇನ್ನೆರಡು ಅಂಥದೇ ಆಸ್ಪತ್ರೆಗಳಿಗೆ ಹೋಗಿ, ಅದೇ ಶಸ್ತ್ರಚಿಕಿತ್ಸೆ, ಅದೇ ಥರದ ರೂಮ್, ನಾಲ್ಕು ದಿನ ಅಂತ ಹೇಳಿ ಅಂದಾಜು ಪಟ್ಟಿ ತಂದೆ. ಒಂದು ಕಡೆ 1,62,000, ಇನ್ನೊಂದು ಕಡೆ 1,90,000. ಕಾಯಿಲೆಯ ಸ್ವರೂಪಕ್ಕೆ ಡಿಸ್ಚಾರ್ಜ್ ಸಾರಾಂಶವೇ ಸಾಕಿತ್ತು. ಊತ, ಸೋಂಕು, ಶಸ್ತ್ರಚಿಕಿತ್ಸೆಗೆ ಮುಂಚೆ ಎರಡು ದಿನ ಆ್ಯಂಟಿಬಯಾಟಿಕ್ ಅಂತ ಬರೆದಿತ್ತು. ಸುಮ್ನೆ ಕಲ್ಲಿಗಾಗಿ ದಿನ ನೋಡಿ ಮಾಡಿಸಿಕೊಂಡ ಶಸ್ತ್ರಚಿಕಿತ್ಸೆಗೂ ಇದಕ್ಕೂ ಖರ್ಚು ಒಂದೇ ಆಗೋಕೆ ಹೇಗೆ ಸಾಧ್ಯ?

ದುಡ್ಡು ಬಂದ ದಿನವೇ ಕಂಪನಿಗೆ ಒಂದು ಸಾಲು ಬರೆದಿದ್ದೆ: ಈ ಮೊತ್ತ ಭಾಗಶಃ ಅಂತ ಸ್ವೀಕರಿಸಿದ್ದೇವೆ, ಉಳಿದದ್ದಕ್ಕೆ ಆಕ್ಷೇಪಣೆ ಇದೆ. ಆಗಸ್ಟ್ 2ಕ್ಕೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಒಂದೂವರೆ ಪುಟದ ಪತ್ರ, ಜೊತೆಗೆ bimabharosa.irdai.gov.in ನಲ್ಲೂ ಅದೇ ದೂರು. ಕಂಪನಿ ಎರಡು ವಾರದೊಳಗೆ ಉತ್ತರಿಸಬೇಕು, ಹನ್ನೆರಡನೇ ದಿನಕ್ಕೆ ಉತ್ತರ ಬಂತು. ಆಸ್ಪತ್ರೆ ಒಪ್ಪಂದ ಮೀರಿ ಹೆಚ್ಚು ವಸೂಲಿ ಮಾಡಿದೆ, ಆ ವ್ಯತ್ಯಾಸವನ್ನು ನೀವು ಆಸ್ಪತ್ರೆಯಿಂದಲೇ ವಾಪಸ್ ಪಡೆಯಿರಿ ಅಂತ.

ನಿಜ ಹೇಳಬೇಕೆಂದರೆ ಆ ಉತ್ತರ ಓದಿ ನನಗೆ ಸಿಟ್ಟಿಗಿಂತ ಸಮಾಧಾನವೇ ಜಾಸ್ತಿ ಆಯಿತು. ಒಪ್ಪಂದ ಮೀರಿದ್ದು ಆಸ್ಪತ್ರೆ ಅಂತ ಅವರೇ ಬರೆದುಕೊಟ್ಟಿದ್ದರು. ಆ ಒಪ್ಪಂದಕ್ಕೆ ಸಹಿ ಹಾಕಿದವರು ಇಬ್ಬರು, ಅಣ್ಣ ಅದರಲ್ಲಿಲ್ಲ. ಅದರ ಪ್ರತಿಯೂ ಅವನಿಗೆ ಸಿಗೋದಿಲ್ಲ. ಹಾಗಿರುವಾಗ ಅವನು ಯಾವ ಆಧಾರದ ಮೇಲೆ ಆಸ್ಪತ್ರೆಯನ್ನು ಕೇಳಬೇಕು? ಕೇಳಬೇಕಾದ್ದು ಕಂಪನಿ.

ಮುಂದಿನದು, ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್. ಕರ್ನಾಟಕಕ್ಕೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ಕಚೇರಿ ಇದೆ, ದೂರನ್ನು cioins.co.in ಮೂಲಕವೂ ಹಾಕಬಹುದು. ಶುಲ್ಕ ಇಲ್ಲ, ವಕೀಲರಿಗೆ ಅಲ್ಲಿ ಜಾಗ ಇಲ್ಲ, ಮಿತಿ 50 ಲಕ್ಷ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟಿರಬೇಕು. ಅವರು ತಿರಸ್ಕರಿಸಿರಬೇಕು, ಅಥವಾ ಸಮಾಧಾನ ಆಗದ ಉತ್ತರ ಕೊಟ್ಟಿರಬೇಕು, ಅಥವಾ ಒಂದು ತಿಂಗಳು ಉತ್ತರವೇ ಬಂದಿರಬಾರದು. ಆಮೇಲೆ ಒಂದು ವರ್ಷದೊಳಗೆ ಇಲ್ಲಿ ಬರಬೇಕು. ಇದೇ ವಿಷಯ ಗ್ರಾಹಕ ಆಯೋಗದಲ್ಲೋ ಕೋರ್ಟಿನಲ್ಲೋ ನಡೀತಿದ್ದರೆ ಇಲ್ಲಿ ತಗೊಳ್ಳೋದಿಲ್ಲ. ಆಗಸ್ಟ್ 25ಕ್ಕೆ ಹಾಕಿದೆವು. ದೂರಿನಲ್ಲಿ ಕೇಳಿದ್ದು 84,160 ಮಾತ್ರ. 7,260 ಸೇರಿಸೋಣ ಅಂತ ಅಣ್ಣ ಹೇಳಿದ, ನಾನು ಬೇಡ ಅಂದೆ. ಸೋಲುವ ಒಂದು ಐಟಂ ಸೇರಿಸಿದರೆ ಕಂಪನಿಯ ಉತ್ತರ ಅಲ್ಲಿಂದಲೇ ಶುರುವಾಗುತ್ತೆ.

ನವೆಂಬರ್‌ನಲ್ಲಿ ವಿಚಾರಣೆಯ ದಿನ ಗೊತ್ತಾಯಿತು, ವಿಡಿಯೋದಲ್ಲಿ. ಅದಕ್ಕೆ ನಾಲ್ಕು ದಿನ ಮುಂಚೆ ಕಂಪನಿಯಿಂದ ಫೋನ್ ಬಂತು. "ಸರ್, 50,000ಕ್ಕೆ ಮುಗಿಸೋಣ್ವಾ?" ಲಿಖಿತವಾಗಿ ಕಳಿಸಿ ಅಂದೆ, ಕಳಿಸಲಿಲ್ಲ. ವಿಚಾರಣೆ ಹದಿನೈದು ನಿಮಿಷ ನಡೆದಿರಬಹುದು. ಪಾಲಿಸಿಯಲ್ಲಿ ಪ್ಯಾಕೇಜ್ ದರದ ಷರತ್ತು ಯಾವ ಪುಟದಲ್ಲಿದೆ ಅಂತ ಒಂಬುಡ್ಸ್‌ಮನ್ ಕಂಪನಿಯ ಪ್ರತಿನಿಧಿಯನ್ನು ಕೇಳಿದರು. ಅವರು ಕಾಗದ ತಿರುವಿದರು, ಒಪ್ಪಂದದಲ್ಲಿದೆ ಅಂದರು. ಪಾಲಿಸಿಯಲ್ಲಿ ಎಲ್ಲಿದೆ ಅಂತ ಮತ್ತೆ ಕೇಳಿದರು. ನಮ್ಮ ಕಡೆಯೂ ಒಂದು ಪ್ರಶ್ನೆ ಬಂತು: ನೀವೇ ತಂದ ಅಂದಾಜಿನಲ್ಲಿ ಒಂದು 1,62,000 ಇದೆಯಲ್ಲ, ಹಾಗಿದ್ದರೆ ಪೂರ್ತಿ ಬಿಲ್ ರೂಢಿಯ ದರ ಅಂತ ಹೇಗೆ ಹೇಳ್ತೀರಿ? ಅದು ನ್ಯಾಯವಾದ ಪ್ರಶ್ನೆ. ಔಷಧಿ ಮತ್ತು ಎರಡು ದಿನದ ಹೆಚ್ಚುವರಿ ಚಿಕಿತ್ಸೆ ಅದರಲ್ಲಿ ಸೇರಿಲ್ಲ ಅಂತ ಹೇಳಿದೆ, ಅವರು ತಲೆಯಾಡಿಸಿದರು, ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ.

ಅಲ್ಲೇ ರಾಜಿಯ ಮಾತು ಬಂತು. ಕಂಪನಿ 75,000 ಕೊಡೋಕೆ ಒಪ್ಪಿತು. ನನಗೆ ಇನ್ನೂ ಹಿಡಿಯೋಣ ಅನಿಸಿತ್ತು. ಪಕ್ಕದಲ್ಲಿ ಕೂತಿದ್ದ ಅಣ್ಣ ಮೈಕ್ ಮ್ಯೂಟ್ ಮಾಡಿ, "ಒಂಬತ್ತು ಸಾವಿರಕ್ಕೆ ಇನ್ನೂ ತಿಂಗಳುಗಟ್ಟಲೆ ಕಾಯೋ ತಾಳ್ಮೆ ನನಗಿಲ್ಲ ಕಣೋ, ಒಪ್ಕೊ" ಅಂದ. ಅವನ ದುಡ್ಡು, ಅವನ ಹೊಟ್ಟೆ. ಒಪ್ಪಿಕೊಂಡೆವು. ಡಿಸೆಂಬರ್‌ ಮೊದಲ ವಾರ ಖಾತೆಗೆ ಬಂತು.

ಆ ಆಸ್ಪತ್ರೆ ಕಂಪನಿಯ ಆ್ಯಪ್‌ನಲ್ಲಿ ಈಗಲೂ ಇದೆ. ಮೊನ್ನೆ ಅತ್ತಿಗೆಯ ತಂಗಿಗೆ ಅಲ್ಲೇ ಒಂದು ಶಸ್ತ್ರಚಿಕಿತ್ಸೆ ಇತ್ತು, ಅದೇ ಕಂಪನಿಯ ಪಾಲಿಸಿ. ಅತ್ತಿಗೆ ಮೂರು ದಿನ ಮುಂಚೆಯೇ ಡೆಸ್ಕ್‌ಗೆ ಇಮೇಲ್ ಹಾಕಿ, ಕ್ಯಾಶ್‌ಲೆಸ್ ಇದೆಯಾ ಅಂತ ಲಿಖಿತ ಉತ್ತರ ಕೇಳಿದ್ದರು. ದಾಖಲಾತಿ ದಿನ ಕಾಗದಗಳ ಕಟ್ಟು ಕೈಗೆ ಕೊಟ್ಟಾಗ ಅಲ್ಲೇ ನಿಂತು ಒಂದೊಂದೇ ಹಾಳೆ ಓದಿದರಂತೆ. ಹಿಂದೆ ನಿಂತವರು ಗೊಣಗುತ್ತಿದ್ದರೂ ಬಿಡಲಿಲ್ಲವಂತೆ.